ಹುಕ್ ಎಲ್ಲಿ ಹಾಕಬೇಕು? ಒಂದು ಸುರಕ್ಷತಾ ಹಾಳೆಯನ್ನು ಚಿತ್ರಕ್ಕಿಳಿಸಿದ ಅನುಭವ

ಬೆಂಗಳೂರಿನ ಹೊರವಲಯದ ಕಟ್ಟಡ ಕಾಮಗಾರಿಯೊಂದರಲ್ಲಿ ನಾನು ಸುರಕ್ಷತಾ ಅಧಿಕಾರಿ. ಗಾರೆಯವರು, ಕಂಬಿ ಕಟ್ಟುವವರು, ಸೆಂಟ್ರಿಂಗ್‌ನವರು ಹೆಚ್ಚಾಗಿ ಯಾದಗಿರಿ, ರಾಯಚೂರು, ಕಲಬುರಗಿ ಕಡೆಯಿಂದ ಬಂದವರು. ಕೆಲಸಕ್ಕೆ ಸೇರುವ ದಿನ ಅವರಿಗೆಲ್ಲ ಒಂದು ಸುರಕ್ಷತಾ ಕೈಪಿಡಿ ಕೊಟ್ಟು, ಓದಿದ್ದೇನೆ ಎಂದು ಸಹಿಯನ್ನೋ ಹೆಬ್ಬೆಟ್ಟನ್ನೋ ಪಡೆಯುವುದು ರೂಢಿ. ಕೈಪಿಡಿ ಹೆಸರಿಗೆ ಕನ್ನಡದಲ್ಲೇ ಇತ್ತು. ‘ಪೂರ್ಣದೇಹ ಸರಂಜಾಮನ್ನು ಧರಿಸಿ ಸೂಕ್ತ ಲಂಗರು ಬಿಂದುವಿಗೆ ಸಂಪರ್ಕಿಸತಕ್ಕದ್ದು, ಪತನಾಂತರವನ್ನು ಖಚಿತಪಡಿಸಿಕೊಳ್ಳತಕ್ಕದ್ದು’ ಎಂಬ ಧಾಟಿ. ಇದನ್ನು ಸರಳಗೊಳಿಸಿ ಚಿತ್ರಗಳಲ್ಲಿ ಹೇಳುವ ಕೆಲಸ ನನ್ನ ಪಾಲಿಗೆ ಬಂತು. ಉಳಿದ ಪುಟಗಳು ಬೇಗ ಮುಗಿದವು. ಹೆಲ್ಮೆಟ್ಟು, ಬೂಟು, ಕನ್ನಡಕಗಳ ಚಿತ್ರ ಬರೆಯಲು ಯಾರಿಗೂ ತೊಂದರೆಯಿಲ್ಲ. ಬೆವರಿಳಿಸಿದ್ದು ಎತ್ತರದ ಕೆಲಸದ ಪುಟ. ಅದನ್ನೇ ಇಲ್ಲಿ ಹೇಳುತ್ತೇನೆ.

ಮೊದಲು ಆ ಪುಟ ಕೆಲಸಗಾರನಿಂದ ಏನು ಬಯಸುತ್ತದೆ ಎಂದು ಬಿಡಿಸಿಕೊಂಡೆ. ಎತ್ತರದಲ್ಲಿ ಮೈಗೆ ತೊಡುವ ಸುರಕ್ಷತಾ ಬೆಲ್ಟ್ ಹಾಕುವುದನ್ನು ಎಲ್ಲರೂ ಹೇಗೋ ಕಲಿಯುತ್ತಾರೆ. ಅದರ ಹಗ್ಗದ ತುದಿಯ ಹುಕ್ ಎಲ್ಲಿ ಹಾಕಬೇಕು ಎಂಬುದನ್ನು ಯಾರೂ ಹೇಳಿಕೊಡುವುದಿಲ್ಲ. ಸಾರುವೆಯ ಮೇಲೆ ನಿಂತವನು ಬಗ್ಗಿ, ಕಾಲ ಬಳಿಯ ಪೈಪಿಗೆ ಹುಕ್ ಸಿಕ್ಕಿಸಿ ಕೆಲಸ ಶುರುಮಾಡುತ್ತಾನೆ. ಕೈಗೆ ಸಿಗುವುದು ಅದೇ. ಬೆಲ್ಟ್ ಇದೆ, ಹುಕ್ ಇದೆ, ಆದರೂ ಬಿದ್ದರೆ ನೆಲಕ್ಕೆ ಬಡಿಯಬಹುದು.

ಲೆಕ್ಕ ಹೀಗಿದೆ. ಬೆಲ್ಟಿನ ಹಗ್ಗ 1.8 ಮೀಟರ್. ಅದು ಜೋಡಣೆಯಾಗುವ ಬೆನ್ನಿನ ಬಳೆ ಪಾದದಿಂದ ಸುಮಾರು 1.5 ಮೀಟರ್ ಮೇಲಿರುತ್ತದೆ. ಹುಕ್ ಪಾದದ ಮಟ್ಟದಲ್ಲಿದ್ದರೆ, ಹಗ್ಗ ಬಿಗಿಯಾಗುವ ಮೊದಲೇ ಆತ 3.3 ಮೀಟರ್ ಬಿದ್ದಿರುತ್ತಾನೆ. ಅನಂತರ ಹಗ್ಗದ ಜೊತೆಗಿರುವ, ಹೊಡೆತವನ್ನು ತಗ್ಗಿಸುವ ಹೊಲಿಗೆಯ ಚೀಲ ಬಿಚ್ಚಿಕೊಳ್ಳುತ್ತದೆ; ಅದು 1.75 ಮೀಟರ್‌ವರೆಗೂ ಉದ್ದವಾಗಬಹುದು. ಬಳೆಯ ಕೆಳಗೆ ಇನ್ನೂ ಅವನ 1.5 ಮೀಟರ್ ದೇಹವಿದೆ. ಹಗ್ಗ, ಚೀಲ, ದೇಹ ಮೂರನ್ನೂ ಕೂಡಿಸಿದರೆ, ನಿಂತಿದ್ದ ಹಲಗೆಯಿಂದ ಸುಮಾರು ಐದು ಮೀಟರ್ ಕೆಳಗೆ ಅವನ ಪಾದ ಬಂದಿರುತ್ತದೆ. ಎಚ್ಚರಿಕೆಗೆ ಒಂದು ಮೀಟರ್ ಸೇರಿಸಿದರೆ ಆರು. ಅದೇ ಹುಕ್ಕನ್ನು ತಲೆಯ ಮೇಲೆ, ಹಲಗೆಯಿಂದ ಎರಡು ಮೀಟರ್ ಎತ್ತರದಲ್ಲಿ ಹಾಕಿದ್ದರೆ ಬೀಳುವ ದೂರ ಪೂರ್ತಿ ಎರಡು ಮೀಟರ್ ಕಡಿಮೆಯಾಗುತ್ತದೆ. ಹೊಡೆತ ಕಡಿಮೆಯಾಗಿ ಚೀಲವೂ ಅಷ್ಟು ಬಿಚ್ಚಿಕೊಳ್ಳುವುದಿಲ್ಲ. ‘ಪತನಾಂತರ’ದ ಹಿಂದಿದ್ದ ಸಂಗತಿ ಇಷ್ಟೇ.

ಈ ಅಂಕಿಗಳಲ್ಲಿ ಒಂದೂ ಕೆಲಸಗಾರನ ಹಾಳೆಗೆ ಹೋಗಲಿಲ್ಲ. ಕಟ್ಟಡದ ಆಳುಗಳು ಎತ್ತರವನ್ನು ಸ್ಲ್ಯಾಬ್ ಲೆಕ್ಕದಲ್ಲಿ ನೋಡುತ್ತಾರೆ. ನಮ್ಮಲ್ಲಿ ಒಂದು ಮಹಡಿ ಮೂರು ಮೀಟರ್. ಆದ್ದರಿಂದ ಆರು ಮೀಟರ್ ಎಂದು ಬರೆಯುವ ಬದಲು ಎರಡು ಮಹಡಿ ತೋರಿಸಿದರೆ ಸಾಕು. ಒಂದೇ ಗೋಡೆ, ಎರಡು ಮಹಡಿಗಿಂತ ಸಾಕಷ್ಟು ತಗ್ಗಿನ ಒಂದೇ ಎತ್ತರದ ಸಾರುವೆ, ಅಕ್ಕಪಕ್ಕದಲ್ಲಿ ಇಬ್ಬರು. ಒಬ್ಬನ ಹುಕ್ ತಲೆಯ ಮೇಲೆ, ಇನ್ನೊಬ್ಬನದು ಕಾಲ ಬಳಿ. ಕೆಳಗಿನ ಚಿತ್ರದಲ್ಲಿ ಇಬ್ಬರೂ ಬಿದ್ದಿದ್ದಾರೆ: ಮೊದಲನೆಯವನು ನೇತಾಡುತ್ತಿದ್ದಾನೆ, ಎರಡನೆಯವನು ನೆಲಕ್ಕೆ ಬಡಿದಿದ್ದಾನೆ.

ಚಿತ್ರ ಬರೆದ ಬಗೆಯನ್ನೂ ಹೇಳಬೇಕು. ನಮ್ಮದೇ ಸಾರುವೆಯ ಮೇಲೆ ಒಬ್ಬರನ್ನು ಸುರಕ್ಷಿತವಾಗಿ ನಿಲ್ಲಿಸಿ ಮೊಬೈಲಿನಲ್ಲಿ ಫೋಟೊ ತೆಗೆದೆ. ಅದರ ಮೇಲೆ ತೆಳು ಕಾಗದವಿಟ್ಟು ಗೆರೆಗಳನ್ನಷ್ಟೇ ಎತ್ತಿಕೊಂಡೆ. ಫೋಟೊವನ್ನೇ ಅಚ್ಚು ಹಾಕಿಸಬಹುದಿತ್ತು, ಆದರೆ ಹಿಂದಿನ ಕಂಬಿ, ಬಲೆ, ಬಕೆಟ್ಟುಗಳ ನಡುವೆ ಹುಕ್ ಕಾಣುವುದೇ ಇಲ್ಲ. ರೇಖಾಚಿತ್ರದಲ್ಲಿ ಬೇಡದ್ದನ್ನು ಬಿಟ್ಟು, ಹಗ್ಗ ಮತ್ತು ಹುಕ್ಕನ್ನು ಮಾತ್ರ ದಪ್ಪ ಕಪ್ಪಿನಲ್ಲಿ ಎಳೆದೆ. ಬೆನ್ನಿನ ಬಳೆ ಕಾಣಬೇಕಾದ್ದರಿಂದ ಮನುಷ್ಯ ನಮಗೆ ಬೆನ್ನು ಹಾಕಿ ನಿಂತಿದ್ದಾನೆ. ಬಣ್ಣವನ್ನು ನೆಚ್ಚಿಕೊಳ್ಳಲಿಲ್ಲ. ಈ ಹಾಳೆಗಳು ಕೊನೆಗೆ ಜೆರಾಕ್ಸ್ ಯಂತ್ರದಿಂದಲೇ ಹುಟ್ಟುತ್ತವೆ. ಅಲ್ಲಿ ಕೆಂಪೂ ಹಸಿರೂ ಒಂದೇ ಬೂದು.

ಇನ್ನು ಪರೀಕ್ಷೆ. ‘ಅರ್ಥವಾಯಿತೇ?’ ಎಂದು ಕೇಳಿದರೆ ಎಲ್ಲರೂ ಹೌದು ಎನ್ನುತ್ತಾರೆ, ಮೇಸ್ತ್ರಿ ಪಕ್ಕದಲ್ಲಿದ್ದರಂತೂ ಇನ್ನೂ ಜೋರಾಗಿ. ಅದಕ್ಕೆ ಒಬ್ಬೊಬ್ಬರನ್ನೇ ಊಟದ ಬಿಡುವಿನಲ್ಲಿ ಕೂರಿಸಿಕೊಂಡು, ಅಕ್ಷರಗಳನ್ನು ಮುಚ್ಚಿ, ‘ಇವನು ಏನು ಮಾಡುತ್ತಿದ್ದಾನೆ? ಮುಂದೆ ಏನಾಗುತ್ತದೆ?’ ಎಂದಷ್ಟೇ ಕೇಳಿದೆ. ಆಮೇಲೆ ಬೆಲ್ಟನ್ನು ಕೈಗೆ ಕೊಟ್ಟು, ನೆಲದ ಮೇಲೆ ನಿಲ್ಲಿಸಿದ್ದ ಸಾರುವೆಯ ಚೌಕಟ್ಟಿಗೆ ಹುಕ್ ಹಾಕಿ ತೋರಿಸಲು ಹೇಳಿದೆ. ಬಾಯಿಯ ಉತ್ತರಕ್ಕಿಂತ ಕೈಯ ಉತ್ತರವೇ ನನಗೆ ಮುಖ್ಯ.

ಕರಡು ಚಿತ್ರದಲ್ಲಿ ತಪ್ಪಾದ ವಿಧಾನದ ಮೇಲೆ ದೊಡ್ಡದಾಗಿ × ಗುರುತು ಹಾಕಿತ್ತು. ಶಾಲೆಗೆ ಹೋದವರಿಗೆ ಅದು ತಪ್ಪು ಉತ್ತರದ ಗುರುತು. ಹಿರಿಯ ಸಾರುವೆ ಕೆಲಸಗಾರರೊಬ್ಬರು ಮಾತ್ರ ಚಿತ್ರವನ್ನು ಚೆನ್ನಾಗಿ ನೋಡಿ, ‘ಇಲ್ಲಿ ಅಡ್ಡ ಪೈಪು ಸರಿಯಾಗಿ ಕಟ್ಟಿದ್ದಾರೆ’ ಎಂದರು. ಅವರ ಕಣ್ಣಿಗೆ ಸಾರುವೆಯ ಮೇಲಿನ × ಎಂದರೆ ಅದು ಅಲುಗದಂತೆ ಓರೆಯಾಗಿ ಕಟ್ಟುವ ಎರಡು ಪೈಪುಗಳು. ಅವರು ನೋಡಿದ್ದರಲ್ಲಿ ತಪ್ಪೇನಿಲ್ಲ. ಸಾಲದ್ದಕ್ಕೆ ಆ ಗುರುತು ನೋಡಬೇಕಾದ ಹುಕ್ಕನ್ನೇ ಮುಚ್ಚಿತ್ತು. ಗುರುತನ್ನು ತೆಗೆದುಬಿಟ್ಟೆವು. ತಪ್ಪು ಎಂದು ಹೇಳುವ ಕೆಲಸವನ್ನು ನೆಲಕ್ಕೆ ಬಡಿದ ಮನುಷ್ಯನೇ ಮಾಡುತ್ತಾನೆ.

ಕೈ ಮತ್ತು ಹುಕ್ಕನ್ನಷ್ಟೇ ತೋರಿಸುವ ದೊಡ್ಡ ಚಿತ್ರವೂ ಹೀಗೆಯೇ ಎಡವಿತು. ಮಣಿಕಟ್ಟಿನ ಬಳಿ ನಿಂತುಹೋದ ಕೈಯನ್ನು ಕಂಡು ಕೆಲವರು ‘ಕೈ ತುಂಡಾಗಿದೆ’ ಎಂದರು. ಸುರಕ್ಷತೆಯ ಹಾಳೆಯಲ್ಲಿ ಹಾಗೆ ಅನ್ನಿಸುವುದು ಸಹಜವೇ. ಮೊದಲು ಇಡೀ ಮನುಷ್ಯನನ್ನು ಬರೆದು, ಅವನ ಕೈಯ ಸುತ್ತ ವೃತ್ತ ಹಾಕಿ, ಆ ವೃತ್ತವನ್ನೇ ಪಕ್ಕದಲ್ಲಿ ದೊಡ್ಡದು ಮಾಡಿದ ಮೇಲೆ ಗೊಂದಲ ಹೋಯಿತು. ಓದಲು ಬಾರದವರು ಚಿತ್ರಗಳನ್ನು ಎಡದಿಂದ ಬಲಕ್ಕೇ ನೋಡುತ್ತಾರೆಂಬ ಖಾತರಿಯೂ ಇಲ್ಲ. ಹಾಗಾಗಿ ಮೊದಲು, ಆಮೇಲೆ ಎಂಬ ಅನುಕ್ರಮವಿರುವ ಚಿತ್ರಗಳನ್ನು ಮೇಲಿಂದ ಕೆಳಕ್ಕೆ ಇಟ್ಟು ದೊಡ್ಡ ಅಂಕಿ ಹಾಕಿದೆವು. ಬೀಳುವುದು ಹೇಗೂ ಕೆಳಕ್ಕೇ ತಾನೆ.

ಚಿಹ್ನೆಗಳ ಗ್ರಹಿಕೆಗೆ ಅಮೆರಿಕದ ಆನ್ಸಿ ಮಾನದಂಡವೊಂದಿದೆ: ನೂರಕ್ಕೆ 85 ಮಂದಿ ಸರಿಯಾಗಿ ಹೇಳಬೇಕು, ಅಪಾಯಕಾರಿಯಾಗಿ ತಿರುವುಮುರುವು ಅರ್ಥ ಮಾಡಿಕೊಂಡವರು ಐವರನ್ನು ಮೀರಬಾರದು. ನಮ್ಮಂಥ ಸಣ್ಣ ಗುಂಪಿಗೆ ಶೇಕಡಾವಾರು ಲೆಕ್ಕ ಹೊಂದುವುದಿಲ್ಲ. ಅದರ ಎರಡನೆಯ ಭಾಗವನ್ನು ಮಾತ್ರ ಬಿಗಿಯಾಗಿ ಹಿಡಿದೆ. ಒಬ್ಬರು ಚಿತ್ರ ನೋಡಿ ಕಾಲ ಬಳಿ ಹುಕ್ ಹಾಕಿದರೂ ಆ ಚಿತ್ರ ಮತ್ತೆ ಮೇಜಿಗೆ ಬರುತ್ತಿತ್ತು.

ಕೆಲವನ್ನು ಚಿತ್ರ ಹೇಳಲಾರದು. ‘ಒಮ್ಮೆ’, ‘ಮತ್ತೆ’, ‘ಆಗಿದ್ದರೆ’ ಎಂಬುದನ್ನು ಗೆರೆಯಲ್ಲಿ ಎಳೆಯುವುದು ಹೇಗೆ? ಬಿದ್ದವನನ್ನು ತಡೆದ ಬೆಲ್ಟ್ ನೋಡಲು ಹೊಸದರಂತಿದ್ದರೂ ಮತ್ತೆ ಬಳಸುವಂತಿಲ್ಲ. ಬಿಚ್ಚಿಕೊಂಡ ಚೀಲವನ್ನು ಬರೆಯಬಹುದು, ಒಳಗೇ ದುರ್ಬಲವಾದ ಪಟ್ಟಿಯನ್ನು ಬರೆಯಲಾಗದು. ಅಲ್ಲಿ ಚಿತ್ರದ ಹಟ ಬಿಟ್ಟು ಎರಡು ವಾಕ್ಯ ಬರೆದೆ: ‘ಒಮ್ಮೆ ಬಿದ್ದವರನ್ನು ಹಿಡಿದ ಬೆಲ್ಟನ್ನು ಮತ್ತೆ ಹಾಕಬೇಡಿ. ಸ್ಟೋರಿಗೆ ಹಿಂತಿರುಗಿಸಿ.’ ಓದಲು ಬಾರದವರಿಗೆ ಇದನ್ನು ಬೆಲ್ಟ್ ಕೊಡುವಾಗ ಸ್ಟೋರಿನವರು ಬಾಯಲ್ಲಿ ಹೇಳುತ್ತಾರೆ.

ತಲೆಯ ಮೇಲೆ ಹುಕ್ ಹಾಕಲು ಗಟ್ಟಿಯಾದ ಜಾಗವೇ ಇಲ್ಲದ ಕಡೆ ಈ ಹಾಳೆ ನಿರರ್ಥಕ. ಪರೀಕ್ಷೆಯ ವೇಳೆ ಹಲವರು ಕೇಳಿದ್ದೂ ಅದನ್ನೇ: ‘ಮೇಲೆ ಹಾಕು ಅನ್ನುತ್ತೀರಿ, ಮೇಲೆ ಏನಿದೆ ಸಾರ್?’ ಹೊರಗೋಡೆಯ ಸಾರುವೆಯ ತುದಿಯ ಹಂತದಲ್ಲಿ ನಿಜಕ್ಕೂ ಏನೂ ಇರಲಿಲ್ಲ. ಅಲ್ಲಿ ಮೇಲಿನ ಸ್ಲ್ಯಾಬಿನ ಕಾಲಂಗಳ ನಡುವೆ ಉಕ್ಕಿನ ಹಗ್ಗ ಕಟ್ಟಿಸಿದ ಮೇಲೆಯೇ ಹಾಳೆಯನ್ನು ಹಂಚಿದೆವು. ಚಿತ್ರದಲ್ಲೂ ಪೈಪಿನ ಬದಲು ಆ ಹಗ್ಗವನ್ನೇ ಬರೆಸಿದೆವು.