ಒಂದೇ ಬಿಲ್‌ಗೆ ಎರಡು ಸಲ ಹಣ ಹೋದರೆ, ಎರಡು ಆಡಿಟ್‌ಗಳು ಅದನ್ನು ಹೇಗೆ ನೋಡುತ್ತವೆ?

ಒಂದು ಕಂಪನಿಯ ಕಂಪ್ಯೂಟರ್‌ನಲ್ಲಿ ಒಬ್ಬನೇ ಸಪ್ಲೈಯರ್‌ನ ಹೆಸರು ಎರಡು ಕಡೆ ಸೇರಿಕೊಂಡಿದೆ ಅಂದುಕೊಳ್ಳಿ. ಒಂದರಲ್ಲಿ ಹೆಸರಿನ ಕೊನೆಗೆ ಚುಕ್ಕೆ ಇದೆ, ಇನ್ನೊಂದರಲ್ಲಿ ಇಲ್ಲ. ಕಂಪ್ಯೂಟರ್ ಪಾಲಿಗೆ ಇವರು ಇಬ್ಬರು. 1047ನೇ ನಂಬರಿನ ಬಿಲ್ ಮೊದಲು ಇಮೇಲ್‌ನಲ್ಲಿ ಬಂತು, ಒಂದು ಖಾತೆಯಲ್ಲಿ ಹತ್ತಿತು, ಹಣ ಹೋಯಿತು. ಹತ್ತು ದಿನ ಬಿಟ್ಟು ಅದೇ ಬಿಲ್ ಅಂಚೆಯಲ್ಲೂ ಬಂತು. ಈ ಸಲ ಇನ್ನೊಂದು ಖಾತೆಯಲ್ಲಿ ಹತ್ತಿತು, ಮತ್ತೆ ಹಣ ಹೋಯಿತು. ವರ್ಷದಲ್ಲಿ ಹೀಗೆ ನಾಲ್ಕು ಬಿಲ್, ಒಟ್ಟು 6 ಲಕ್ಷ. ಕಂಪನಿಯ ತೆರಿಗೆಗೆ ಮುಂಚಿನ ಲಾಭ 10 ಕೋಟಿ.

ಕಂಪನಿ ತನ್ನ ಕೆಲಸಕಾರ್ಯ ಸರಿ ಇದೆಯಾ ಅಂತ ತಾನೇ ಮಾಡಿಸಿಕೊಳ್ಳುವ ಇಂಟರ್ನಲ್ ಆಡಿಟ್, ಕಾನೂನಿನ ಪ್ರಕಾರ ಹೊರಗಿನವರು ವರ್ಷದ ಲೆಕ್ಕಪತ್ರ ನೋಡುವ ಸ್ಟ್ಯಾಚುಟರಿ ಆಡಿಟ್, ಈ ಎರಡರ ವ್ಯತ್ಯಾಸ ತಿಳಿಯೋಕೆ ಇಂಥ ಒಂದು ತಪ್ಪಿನ ಹಿಂದೆ ಹೋದರೆ ಸಾಕು.

ಮೊದಲ ಹೆಜ್ಜೆ: ಇಬ್ಬರೂ ಕೇಳುವ ಪ್ರಶ್ನೆ ಏನು ನೋಡಿ

ಇಂಟರ್ನಲ್ ಆಡಿಟರ್ ಕೇಳುವುದು ‘ಇದು ಹೇಗಾಯಿತು, ನಾಳೆ ಮತ್ತೆ ಆಗದಂತೆ ಏನು ಮಾಡಬೇಕು?’ ಅಂತ. ಅವರು ಸಪ್ಲೈಯರ್ ಪಟ್ಟಿ ಪೂರ್ತಿ ತೆಗೆಸಿ, ಬ್ಯಾಂಕ್ ಖಾತೆ ನಂಬರ್ ಪ್ರಕಾರ ಜೋಡಿಸುತ್ತಾರೆ. ಹೆಸರು ಬೇರೆ, ಬ್ಯಾಂಕ್ ಖಾತೆ ಒಂದೇ ಅಂತ ಬಂದರೆ ಅಲ್ಲಿ ನಿಲ್ಲುತ್ತಾರೆ. ಆಮೇಲೆ ಒಂದೇ ಮೊತ್ತ, ಹತ್ತಿರದ ತಾರೀಖು ಇರುವ ಬಿಲ್‌ಗಳನ್ನು ಅಕ್ಕಪಕ್ಕ ಇಟ್ಟು ನೋಡುತ್ತಾರೆ. ಕೊನೆಗೆ ಹೊಸ ಸಪ್ಲೈಯರ್ ಹೆಸರು ಸೇರಿಸುವವರು ಯಾರು, ಹಣ ಬಿಡುಗಡೆ ಮಾಡುವವರು ಯಾರು ಎಂದು ವಿಚಾರಿಸುತ್ತಾರೆ. ಎರಡೂ ಒಬ್ಬರೇ ಮಾಡುತ್ತಿದ್ದರೆ ಆ 6 ಲಕ್ಷಕ್ಕಿಂತ ಅದೇ ದೊಡ್ಡ ವಿಷಯ. ಇವತ್ತು ಕೈತಪ್ಪಿ ಆದದ್ದನ್ನು ನಾಳೆ ಯಾರಾದರೂ ಬೇಕಂತಲೇ ಮಾಡಬಹುದು.

ಸ್ಟ್ಯಾಚುಟರಿ ಆಡಿಟರ್‌ನ ಪ್ರಶ್ನೆ ಬೇರೆ: ‘ವರ್ಷದ ಲೆಕ್ಕಪತ್ರ ಓದಿ ನಿರ್ಧಾರ ಮಾಡುವವರು ಇದರಿಂದ ದಾರಿ ತಪ್ಪುತ್ತಾರಾ?’ ಇದಕ್ಕೆ ಅವರು ಮೊದಲೇ ಒಂದು ಮಿತಿ ಹಾಕಿಕೊಂಡಿರುತ್ತಾರೆ. ಅದಕ್ಕೆ ಮಟೀರಿಯಾಲಿಟಿ ಅನ್ನುತ್ತಾರೆ. ಲಾಭದ ಶೇ 5 ಎನ್ನುವುದು ಸಾಮಾನ್ಯವಾಗಿ ಹಿಡಿಯುವ ಅಳತೆ. ಇದು ನಿಯಮವಲ್ಲ, ಆಡಿಟರ್ ವಿವೇಚನೆಗೆ ಬಿಟ್ಟದ್ದು. ನಮ್ಮ ಕಂಪನಿಗೆ ಅದು 50 ಲಕ್ಷ ಆಗುತ್ತದೆ. 6 ಲಕ್ಷದಿಂದ ಲೆಕ್ಕಪತ್ರದ ಚಿತ್ರ ಬದಲಾಗುವುದಿಲ್ಲ.

ಹಾಗಂತ ಅವರು ಅದನ್ನು ಸುಮ್ನೆ ಬಿಡುವುದಿಲ್ಲ. ತೀರಾ ಚಿಲ್ಲರೆ ಅಲ್ಲದ ತಪ್ಪುಗಳನ್ನೆಲ್ಲ ಒಂದು ಹಾಳೆಯಲ್ಲಿ ಬರೆದಿಡುತ್ತಾರೆ, ಸರಿಮಾಡಿ ಅಂತ ಆಡಳಿತಕ್ಕೆ ಹೇಳುತ್ತಾರೆ. ಇಲ್ಲಿ ಖರ್ಚು 6 ಲಕ್ಷ ಕಡಿಮೆ ಮಾಡಿ, ಸಪ್ಲೈಯರ್‌ನಿಂದ ಬರಬೇಕಾದ ಹಣ ಅಂತ ತೋರಿಸಬೇಕು. ಇಂಥ ಚಿಕ್ಕ ತಪ್ಪುಗಳು ಸೇರಿ 50 ಲಕ್ಷದ ಹತ್ತಿರ ಬಂದರೆ ಲೆಕ್ಕ ಬೇರೆಯಾಗುತ್ತದೆ. ಇದರ ಹಿಂದೆ ವಂಚನೆ ಇದೆ, ಅದರಲ್ಲೂ ಮೇಲಿನವರ ಕೈವಾಡ ಇದೆ ಅನಿಸಿದರೆ ಮೊತ್ತ ಚಿಕ್ಕದು ಅನ್ನುವ ಮಾತೇ ನಿಲ್ಲುವುದಿಲ್ಲ. ಆಡಳಿತದವರು ಬೇರೆ ಕಡೆ ಕೊಟ್ಟ ವಿವರಣೆಗಳನ್ನೂ ಆಗ ಮತ್ತೆ ಪರೀಕ್ಷಿಸಬೇಕಾಗುತ್ತದೆ.

ಎರಡನೇ ಹೆಜ್ಜೆ: ವರದಿ ಯಾರ ಮೇಜಿಗೆ ಹೋಗುತ್ತದೆ ನೋಡಿ

ನಾನು ಇಂಟರ್ನಲ್ ಆಡಿಟ್‌ಗೆ ಸೇರಿದ ಹೊಸತರಲ್ಲಿ ಒಂದು ವರದಿಯ ಕರಡಿನಲ್ಲಿ ‘ಈ ಬಿಲ್‌ಗಳಿಗೆ ಎರಡು ಸಲ ಹಣ ಕೊಡಲಾಗಿದೆ’ ಎಂದು ಬರೆದಿದ್ದೆ. ಹಣಕಾಸು ಮುಖ್ಯಸ್ಥರ ಕೋಣೆಗೆ ಹೋಗಿ ವಾಪಸ್ ಬರುವಾಗ ಅದು ‘ಪಾವತಿ ವಿಧಾನವನ್ನು ಇನ್ನಷ್ಟು ಬಲಪಡಿಸಬಹುದು’ ಎಂದಾಗಿತ್ತು. ಬೋರ್ಡ್‌ನವರು ಓದಿದ್ದು ಎರಡನೆಯದನ್ನು. ಆ ವಾಕ್ಯದಲ್ಲಿ ಸುಳ್ಳಿರಲಿಲ್ಲ, ಆದರೆ ತಿಳಿಯಬೇಕಾದದ್ದೂ ಇರಲಿಲ್ಲ.

ಇಂಟರ್ನಲ್ ಆಡಿಟರ್ ಕಂಪನಿಯವರೇ ಆಗಿರಬಹುದು, ಸಂಬಳ ಅಲ್ಲಿಂದಲೇ ಬರಬಹುದು. ಅದರಿಂದ ಸ್ವಾತಂತ್ರ್ಯ ಹೋಗುವುದಿಲ್ಲ. ಆದರೆ ದಿನದ ರಜೆ, ಖರ್ಚುವೆಚ್ಚದ ವಿಷಯಕ್ಕೆ ಮಾತ್ರ ಅವರು ಕಂಪನಿ ಮುಖ್ಯಸ್ಥರಿಗೆ ಉತ್ತರ ಕೊಡಬೇಕು. ವರ್ಷದ ಆಡಿಟ್ ಯೋಜನೆ, ಬಜೆಟ್, ಮುಖ್ಯ ಆಡಿಟರ್‌ನ ನೇಮಕ, ವಜಾ ಇವೆಲ್ಲ ಬೋರ್ಡ್ ಅಥವಾ ಅದರ ಆಡಿಟ್ ಕಮಿಟಿಯ ಕೈಯಲ್ಲಿರಬೇಕು. ಬೋನಸ್ ಎಷ್ಟು ಅಂತ ಹಣಕಾಸು ಮುಖ್ಯಸ್ಥರೇ ಬರೆಯುವ ಕಡೆ, ಹಣಕಾಸು ವಿಭಾಗದ ಬಗ್ಗೆ ಗಟ್ಟಿ ವರದಿ ಬರುವುದು ಕಷ್ಟ, ಅಲ್ವಾ?

ಅಮೆರಿಕದ ವರ್ಲ್ಡ್‌ಕಾಮ್ ಟೆಲಿಕಾಂ ಕಂಪನಿಯಲ್ಲಿ 2002ರಲ್ಲಿ ನಡೆದದ್ದು ಇದಕ್ಕೆ ಕನ್ನಡಿ. ಬೇರೆ ಫೋನ್ ಕಂಪನಿಗಳ ಲೈನ್ ಬಳಸಿದ್ದಕ್ಕೆ ಕೊಟ್ಟ ಹಣ ಆಯಾ ವರ್ಷದ ಖರ್ಚು. ಅದನ್ನು ಆಸ್ತಿ ಎಂದು ತೋರಿಸಿ ಲಾಭ ಉಬ್ಬಿಸಲಾಗಿತ್ತು. ಹೊರಗಿನ ಆಡಿಟ್ ಸಂಸ್ಥೆ ಆರ್ಥರ್ ಆಂಡರ್ಸನ್ ಲೆಕ್ಕ ಸರಿ ಇದೆ ಎಂದು ಸಹಿ ಹಾಕಿತ್ತು. ಹಿಡಿದದ್ದು ಸಿಂಥಿಯಾ ಕೂಪರ್ ಅವರ ಇಂಟರ್ನಲ್ ಆಡಿಟ್ ತಂಡ. ಹಣಕಾಸು ಮುಖ್ಯಸ್ಥ ಸ್ಕಾಟ್ ಸಲ್ಲಿವನ್ ಈ ಪರಿಶೀಲನೆ ಮುಂದೂಡಿ ಎಂದು ಕೇಳಿದರು. ಕೂಪರ್ ನೇರವಾಗಿ ಆಡಿಟ್ ಕಮಿಟಿಯ ಅಧ್ಯಕ್ಷರ ಬಳಿ ಹೋದರು. ಜೂನ್ 25ರಂದು ಕಂಪನಿ 380 ಕೋಟಿ ಡಾಲರ್‌ಗೂ ಹೆಚ್ಚಿನ ತಪ್ಪು ಲೆಕ್ಕ ಒಪ್ಪಿಕೊಂಡಿತು. ಆಡಿಟ್ ಕಮಿಟಿಗೆ ನೇರ ದಾರಿ ಇಲ್ಲದಿದ್ದರೆ ಆ ಕಡತ ಸಲ್ಲಿವನ್ ಅವರ ಮೇಜಿನ ಮೇಲೇ ಉಳಿಯಬಹುದಿತ್ತು.

ಸ್ಟ್ಯಾಚುಟರಿ ಆಡಿಟರ್‌ನ ವರದಿ ಹೋಗುವುದು ಸಾಮಾನ್ಯವಾಗಿ ಷೇರುದಾರರಿಗೆ. ಅದು ಲೆಕ್ಕಪತ್ರದ ಜೊತೆಗೇ ಹೊರಬರುತ್ತದೆ, ಯಾರು ಬೇಕಾದರೂ ಓದಬಹುದು. ನಮ್ಮ 1047ನೇ ಬಿಲ್ ಅಲ್ಲಿ ಕಾಣುವುದಿಲ್ಲ. ಪಾವತಿ ವ್ಯವಸ್ಥೆಯ ಆ ದೋಷ ಗಂಭೀರ ಅನಿಸಿದರೆ ಆಡಿಟರ್ ಬೋರ್ಡ್‌ಗೆ ಬೇರೆ ಪತ್ರ ಬರೆಯುತ್ತಾರೆ. ಹಾಗಾಗಿ ಆಡಿಟ್ ವರದಿ ಚೊಕ್ಕಟವಾಗಿದೆ ಎಂದರೆ ಕಂಪನಿಯಲ್ಲಿ ಹಣ ಸೋರುತ್ತಿಲ್ಲ ಅಂತ ಅರ್ಥವಲ್ಲ. ಓದುಗರು ಜಾಸ್ತಿ ತಪ್ಪು ತಿಳಿಯುವುದು ಇಲ್ಲೇ.

ಮೂರನೇ ಹೆಜ್ಜೆ: ತಾವೇ ಮಾಡಿದ ಕೆಲಸ ತಾವೇ ನೋಡುತ್ತಿದ್ದಾರಾ?

ಇಬ್ಬರಿಗೂ ಈ ಬಲೆ ಇದೆ. ನಿನ್ನೆವರೆಗೆ ಪಾವತಿ ವಿಭಾಗದಲ್ಲಿದ್ದವರು ಇಂಟರ್ನಲ್ ಆಡಿಟ್‌ಗೆ ಬಂದರೆ, ಕನಿಷ್ಠ 12 ತಿಂಗಳು ಆ ವಿಭಾಗವನ್ನು ಆಡಿಟ್ ಮಾಡಬಾರದು ಎನ್ನುತ್ತವೆ ಅಂತರರಾಷ್ಟ್ರೀಯ ಇಂಟರ್ನಲ್ ಆಡಿಟ್ ಮಾನದಂಡಗಳು. ಸ್ಟ್ಯಾಚುಟರಿ ಆಡಿಟರ್‌ಗೆ ಕಟ್ಟು ಇನ್ನೂ ಬಿಗಿ. ಅವರಿಗೆ ಕಂಪನಿಯ ಷೇರು ಇರಬಾರದು, ಅದರ ಲೆಕ್ಕ ಬರೆಯಬಾರದು. ಷೇರುಪೇಟೆಯಲ್ಲಿರುವಂಥ ಕಂಪನಿಗಾದರೆ, ತಮ್ಮದೇ ಆಡಿಟ್‌ಗೆ ಆಧಾರವಾಗುವ ಇಂಟರ್ನಲ್ ಆಡಿಟ್ ಕೆಲಸವನ್ನೂ ಅವರು ವಹಿಸಿಕೊಳ್ಳುವಂತಿಲ್ಲ.

ನಾಲ್ಕನೇ ಹೆಜ್ಜೆ: ಇಬ್ಬರೂ ಸೇರುವ ಜಾಗ

ಇಂಟರ್ನಲ್ ಆಡಿಟರ್ ಸಾವಿರ ಬಿಲ್ ನೋಡಿದ್ದರೆ ಸ್ಟ್ಯಾಚುಟರಿ ಆಡಿಟರ್ ಮತ್ತೆ ಅಷ್ಟೂ ನೋಡಬೇಕಾಗಿಲ್ಲ. ಐಎಸ್‌ಎ 610 ಎಂಬ ಅಂತರರಾಷ್ಟ್ರೀಯ ಮಾನದಂಡ ಆ ಕೆಲಸ ಬಳಸಿಕೊಳ್ಳಲು ಬಿಡುತ್ತದೆ. ಅದಕ್ಕೆ ಮುಂಚೆ ಮೂರು ವಿಷಯ ತೂಗಬೇಕು: ಇಂಟರ್ನಲ್ ಆಡಿಟರ್ ಯಾರಿಗೆ ವರದಿ ಮಾಡುತ್ತಾರೆ, ಅವರಿಗೆ ಕೆಲಸ ಗೊತ್ತಿದೆಯಾ, ಕ್ರಮಬದ್ಧವಾಗಿ ಮಾಡಿ ಕಾಗದದಲ್ಲಿ ಇಟ್ಟಿದ್ದಾರಾ. ಎರಡನೇ ಹೆಜ್ಜೆಯ ಆ ಮೇಜಿನ ಪ್ರಶ್ನೆ ಇಲ್ಲಿ ಮತ್ತೆ ಬರುತ್ತದೆ. ವರದಿ ಹಣಕಾಸು ಮುಖ್ಯಸ್ಥರ ಕೋಣೆಯಲ್ಲೇ ತಿದ್ದಿಸಿಕೊಳ್ಳುತ್ತದೆ ಎಂದು ಗೊತ್ತಾದರೆ ಹೊರಗಿನ ಆಡಿಟರ್ ಅದನ್ನು ಬದಿಗಿಟ್ಟು, ಕೆಲಸವನ್ನು ತಾವೇ ಮೊದಲಿನಿಂದ ಮಾಡಬೇಕಾಗುತ್ತದೆ.

ಎಲ್ಲ ಸರಿ ಇದ್ದರೂ ಅವರು ಆ ಸಾವಿರದಲ್ಲಿ ಕೆಲವು ಬಿಲ್ ತೆಗೆದು, ಸರಕು ಬಂದ ಚೀಟಿ, ಬ್ಯಾಂಕ್ ಪಾವತಿ ಎರಡಕ್ಕೂ ತಾಳೆ ಹಾಕಿ ನೋಡುತ್ತಾರೆ. ವರದಿಗೆ ಸಹಿ ಹಾಕುವವರು ಅವರೇ. ‘ಇಂಟರ್ನಲ್ ಆಡಿಟ್‌ನವರು ನೋಡಿದ್ದರು’ ಎಂದು ಆಮೇಲೆ ಹೇಳುವಂತಿಲ್ಲ.