160 ಮಿ.ಮೀ. ಕೇಸಿಗೆ ಕೂಲರ್ ಆರಿಸಿದ ಲೆಕ್ಕ

ಪ್ರೊಸೆಸರ್ ರೈಜನ್ 7 7700, ಬೋರ್ಡಿನ ಸಾಕೆಟ್ ಎಎಂ5. ಈ ಚಿಪ್‌ನ ಟಿಡಿಪಿ 65 ವ್ಯಾಟ್ ಎಂದಿದ್ದರೂ ಎಳೆಯುವ ಮಿತಿ 88 ವ್ಯಾಟ್. ಇಷ್ಟಕ್ಕೆ ಒಳ್ಳೆಯ ಏರ್ ಕೂಲರ್ ಧಾರಾಳ ಸಾಕು. ಇದೇ ಎಎಂ5ನ 7950ಎಕ್ಸ್ 230 ವ್ಯಾಟ್‌ವರೆಗೆ ಹೋಗುತ್ತದೆ. ಅದಾಗಿದ್ದರೆ ಮೊದಲು 360 ಮಿ.ಮೀ. ರೇಡಿಯೇಟರಿನ ಲಿಕ್ವಿಡ್ ಕೂಲರನ್ನೇ ನೋಡುತ್ತಿದ್ದೆ.

ಕೇಸಿನ ಡಬ್ಬಿಯ ಮೇಲೆ ಕೂಲರ್ ಎತ್ತರ 160 ಮಿ.ಮೀ. ಎಂದಿತ್ತು. ಅದನ್ನು ನಂಬಿ ಬಿಡದೆ, ಬೋರ್ಡು ಕೂರಿಸಿದ ಮೇಲೆ ಕೇಸಿನ ಬಾಯಿಗೆ ಅಡ್ಡಲಾಗಿ ಒಂದು ಸ್ಕೇಲ್ ಇಟ್ಟು, ಇನ್ನೊಂದನ್ನು ಪ್ರೊಸೆಸರ್ ತಲೆಯ ಮೇಲೆ ನಿಲ್ಲಿಸಿ ಅಳೆದೆ: 161. ಎರಡು ಟವರಿನ 155 ಮಿ.ಮೀ. ಕೂಲರ್ ಹಿಡಿಸುವಂತೆ ಕಂಡರೂ ಅಡ್ಡಿಯಾದದ್ದು ರ‍್ಯಾಮ್. ಕೂಲರಿನ ಮುಂದಿನ ಫ್ಯಾನ್ ರ‍್ಯಾಮ್ ಮೇಲೆಯೇ ಬರುತ್ತದೆ. ಫ್ಯಾನ್ 120 ಮಿ.ಮೀ., ಹಾಗಾಗಿ ಅದರ ತಳ ಪ್ರೊಸೆಸರ್ ಮಟ್ಟದಿಂದ 35 ಮಿ.ಮೀ. ಮೇಲಿರುತ್ತದೆ. ಎತ್ತರದ ಹೀಟ್‌ಸ್ಪ್ರೆಡರ್ ಇದ್ದ ನನ್ನ ರ‍್ಯಾಮ್ ಅದೇ ಮಟ್ಟದಿಂದ 41 ಮಿ.ಮೀ. ಏರಿತ್ತು. ಫ್ಯಾನನ್ನು 6 ಮಿ.ಮೀ. ಎತ್ತಿದರೆ ಒಟ್ಟು 161 ಆಗಿ ಕೇಸಿನ ಪಕ್ಕದ ಗಾಜಿಗೇ ತಾಗುತ್ತದೆ.

240ರ ಲಿಕ್ವಿಡ್ ಕೂಲರಿನ ಲೆಕ್ಕವೂ ಹಾಕಿದೆ. ರೇಡಿಯೇಟರ್ 27, ಫ್ಯಾನ್ 25, ಒಟ್ಟು 52 ಮಿ.ಮೀ. ದಪ್ಪ. ಬೋರ್ಡಿನ ಮೇಲಂಚಿಗೂ ಕೇಸಿನ ಮಾಡಿಗೂ ನಡುವೆ ಇದ್ದದ್ದು 38. ಮುಂದೆ ಹಾಕೋಣವೆಂದರೆ, ಮುಂಭಾಗದ ಫ್ಯಾನ್‌ನಿಂದ ಹಿಂದಿನ ಗೋಡೆಗಿದ್ದ 330 ಮಿ.ಮೀ. ರೇಡಿಯೇಟರಿನಿಂದ 303ಕ್ಕಿಳಿದು, 310 ಮಿ.ಮೀ. ಗ್ರಾಫಿಕ್ಸ್ ಕಾರ್ಡಿಗೆ ಜಾಗವಿಲ್ಲ. ಸಾಲದ್ದಕ್ಕೆ ಲಿಕ್ವಿಡ್‌ನಲ್ಲಿ ಪಂಪ್ ಕೆಟ್ಟರೆ ಇಡೀ ಕೂಲರೇ ಹೋದಂತೆ. ಏರ್ ಕೂಲರಿನಲ್ಲಿ ಫ್ಯಾನ್ ಮಾತ್ರ ಬದಲಿಸಿದರಾಯಿತು. ಕೊನೆಗೆ ಫ್ಯಾನ್ ರ‍್ಯಾಮ್ ಮೇಲೆ ಬಾರದ, 155 ಮಿ.ಮೀ.ನ ಒಂಟಿ ಟವರ್ ಆರಿಸಿದೆ.

ಸಾಕೆಟ್ ವಿಚಾರದಲ್ಲಿ ಎಡವುವವರು ಹೆಚ್ಚು. ಎಎಂ4 ಮತ್ತು ಎಎಂ5ರಲ್ಲಿ ಸ್ಕ್ರೂ ರಂಧ್ರಗಳ ಅಂತರ ಒಂದೇ. ಆದರೆ ಎಎಂ5ನಲ್ಲಿ ಬೋರ್ಡಿನ ಹಿಂಬದಿಯ ಬ್ಯಾಕ್‌ಪ್ಲೇಟ್ ಸಾಕೆಟ್ಟಿಗೇ ಸೇರಿಕೊಂಡಿದೆ, ಅದನ್ನು ಬಿಚ್ಚುವಂತಿಲ್ಲ. ಹಾಗಾಗಿ ಸ್ವಂತ ಬ್ಯಾಕ್‌ಪ್ಲೇಟ್ ಬೇಡುವ ಹಳೆಯ ಎಎಂ4 ಕೂಲರ್ ಇಲ್ಲಿ ಕೂರದು. ಬೋರ್ಡಿನದ್ದನ್ನೇ ಬಳಸುವಂಥದ್ದು ಕೂರುತ್ತದೆ. ಇಂಟೆಲ್‌ನಲ್ಲಿ ಎಲ್‌ಜಿಎ1200ರ ರಂಧ್ರಗಳು 75 ಮಿ.ಮೀ. ಅಂತರದಲ್ಲಿ, 1700ರವು 78ರಲ್ಲಿ. ಅಲ್ಲಿ ಹೊಸ ಬ್ರ್ಯಾಕೆಟ್ ಬೇಕೇ ಬೇಕು.

ಕೂರಿಸುವಾಗ ತಳದ ಪ್ಲಾಸ್ಟಿಕ್ ಹಾಳೆ ತೆಗೆದು, ಪೇಸ್ಟ್ ಹಚ್ಚಿ, ಎರಡು ಸ್ಕ್ರೂಗಳನ್ನು ಒಂದಾದ ಮೇಲೊಂದರಂತೆ ಎರಡೆರಡು ಸುತ್ತು ಬಿಗಿದೆ. ಒಂದೇ ಬದಿ ಪೂರ್ತಿ ಬಿಗಿದರೆ ಕೂಲರ್ ಓರೆಯಾಗಿ ಪೇಸ್ಟ್ ಒಂದು ಕಡೆಗೆ ಸರಿಯುತ್ತದೆ. ಫ್ಯಾನ್ ವೈರ್ `CPU_FAN` ಪಿನ್ನಿಗೆ. ಆಮೇಲೆ ಸಿನೆಬೆಂಚ್ 10 ನಿಮಿಷ ಓಡಿಸಿ ಉಷ್ಣತೆ ನೋಡಿದೆ. ಕೆಲವೇ ಸೆಕೆಂಡುಗಳಲ್ಲಿ 95 ಡಿಗ್ರಿ ಮುಟ್ಟಿ, ಕೂಲರಿನ ರೆಕ್ಕೆಗಳು ಮಾತ್ರ ಇನ್ನೂ ತಣ್ಣಗಿದ್ದರೆ ತಳ ಪ್ರೊಸೆಸರಿಗೆ ಸರಿಯಾಗಿ ಅಂಟಿಲ್ಲವೆಂದೇ ಅರ್ಥ. ಬಿಚ್ಚಿ, ಒರೆಸಿ, ಹೊಸ ಪೇಸ್ಟ್ ಹಚ್ಚಿ ಮತ್ತೆ ಕೂರಿಸಬೇಕು.