ಗಡುವು ವಿಸ್ತರಣೆ ಕೇಳುವುದು ಹೇಗೆ? ಮೊದಲು ದಿನಗಳ ಲೆಕ್ಕ, ಆಮೇಲೆ ಪತ್ರ

ಮೂರು ದಿನ ಹೆಚ್ಚು ಕೊಡಿ ಎಂದು ಕೇಳಿದವರು ಆ ಮೂರನೆಯ ದಿನ ಸಂಜೆ ಮತ್ತೆ ಬಂದು ನಿಲ್ಲುವುದನ್ನು ತಂಡ ನಡೆಸಿದ ವರ್ಷಗಳಲ್ಲಿ ನಾನು ಎಷ್ಟೋ ಸಲ ಕಂಡಿದ್ದೇನೆ. ಮೊದಲ ವಿನಂತಿಯಿಂದ ಯಾವ ಪ್ರಾಜೆಕ್ಟ್ ಲೀಡ್ ಕೂಡ ಅಷ್ಟಾಗಿ ಬೇಸರಪಡುವುದಿಲ್ಲ. ಆದರೆ ನೀವು ಕೊಟ್ಟ ಹೊಸ ದಿನಾಂಕವನ್ನು ಅವರು ಅಷ್ಟರಲ್ಲಿ ಇನ್ನೂ ನಾಲ್ಕು ಜನರಿಗೆ ಹೇಳಿಬಿಟ್ಟಿರುತ್ತಾರೆ. ಎರಡನೆಯ ವಿನಂತಿ ಬಂದಾಗ ಅವರ ಮಾತೂ ಸುಳ್ಳಾಗುತ್ತದೆ. ಆದ್ದರಿಂದ ಪತ್ರದ ಒಕ್ಕಣೆಗಿಂತ ಮೊದಲು ಅದರಲ್ಲಿ ಬರೆಯುವ ದಿನಾಂಕ ಗಟ್ಟಿಯಾಗಿರಬೇಕು.

ಒಂದು ಉದಾಹರಣೆ ಇಟ್ಟುಕೊಳ್ಳೋಣ. ತಂಡದ ಸದಸ್ಯೆಯೊಬ್ಬಳು 24,000 ಗ್ರಾಹಕರ ದಾಖಲೆಗಳನ್ನು ಹಳೆಯ ತಂತ್ರಾಂಶದಿಂದ ಹೊಸದಕ್ಕೆ ವರ್ಗಾಯಿಸಬೇಕು. ಕೆಲಸವನ್ನು ತಲಾ 3,000 ದಾಖಲೆಗಳ ಎಂಟು ಕಂತುಗಳಾಗಿ ಮಾಡಿಕೊಂಡಿದ್ದಾಳೆ. ಜೂನ್ 9ರ ಸೋಮವಾರ ಆರಂಭ, ದಿನಕ್ಕೊಂದು ಕಂತು, ಕೊನೆಯ ಎರಡು ದಿನ ಪರಿಶೀಲನೆ. ಗಡುವು ಜೂನ್ 20, ಶುಕ್ರವಾರ. ಆದರೆ ಮೂಲ ಕಡತ ಅವಳ ಕೈಸೇರಿದ್ದೇ 12ರ ಬೆಳಿಗ್ಗೆ. ಅಂದಿನಿಂದ 16ರ ಸೋಮವಾರ ಸಂಜೆಯವರೆಗೆ, ಮೂರು ಕೆಲಸದ ದಿನಗಳಲ್ಲಿ, ಎರಡೇ ಕಂತು ಮುಗಿದಿವೆ.

ಹಂತ 1: ಕಾಲು ಭಾಗ ಮುಗಿದಾಗ ನಿಂತು ನೋಡಿ

ಕೇಳಬೇಕಾದ ಸಮಯ ಇದೇ. ಎಂಟರಲ್ಲಿ ಎರಡು ಕಂತು ಮುಗಿದಿರುವುದರಿಂದ ಕೆಲಸದ ನಿಜವಾದ ವೇಗ ಗೊತ್ತಾಗಿದೆ. ಗಡುವಿಗೆ ಇನ್ನೂ ನಾಲ್ಕು ಕೆಲಸದ ದಿನ ಇರುವುದರಿಂದ ಲೀಡ್ ಏನನ್ನಾದರೂ ಹೊಂದಿಸಬಲ್ಲರು. 19ರ ಸಂಜೆ ಕೇಳಿದರೆ ಅವರಿಗೆ ಹೊಂದಿಸಲು ಏನೂ ಉಳಿದಿರುವುದಿಲ್ಲ. ಹೇಗಾದರೂ ಮಾಡಿ ಮುಗಿಸಿಬಿಡುತ್ತೇನೆ ಎಂಬ ಒಳ್ಳೆಯ ಮನಸ್ಸಿನಿಂದಲೇ ಹಲವರು ಈ ದಿನವನ್ನು ದಾಟಿಸಿಬಿಡುತ್ತಾರೆ.

ಹಂತ 2: ಕಾರಣವನ್ನು ಎರಡಾಗಿ ಬಿಡಿಸಿ

ಇಲ್ಲಿಯೇ ಹೆಚ್ಚಿನವರು ಎಡವುವುದು. ಕಡತ ತಡವಾಗಿ ಬಂದದ್ದರಿಂದ 9, 10 ಮತ್ತು 11 ಹೀಗೆ ಮೂರು ದಿನ ಹೋಯಿತು. ಅದು ಒಮ್ಮೆ ಆಗಿ ಮುಗಿದ ನಷ್ಟ. ಇದೊಂದನ್ನೇ ಲೆಕ್ಕ ಹಿಡಿದರೆ ಹೊಸ ದಿನಾಂಕ ಜೂನ್ 25 ಎನಿಸುತ್ತದೆ, ಮತ್ತು ಅದು ತಪ್ಪು.

ಎರಡನೆಯ ಕಾರಣ ಕಡತದ ಒಳಗಿದೆ. ಅದರಲ್ಲಿ ಕೆಲವರು ದಿನವನ್ನು ಮೊದಲು ಬರೆದಿದ್ದಾರೆ, ಕೆಲವರು ತಿಂಗಳನ್ನು ಮೊದಲು ಬರೆದಿದ್ದಾರೆ. 25-04 ಎಂದಿದ್ದರೆ ತೊಂದರೆಯಿಲ್ಲ, ಏಕೆಂದರೆ 25ನೆಯ ತಿಂಗಳು ಎಂಬುದಿಲ್ಲ. ಆದರೆ 03-04 ಎಂದಿದ್ದರೆ ಅದು ಏಪ್ರಿಲ್ 3 ಆಗಿರಬಹುದು, ಮಾರ್ಚ್ 4 ಕೂಡ ಆಗಿರಬಹುದು. ಎರಡೂ ಸಂಖ್ಯೆಗಳು 12ರ ಒಳಗಿದ್ದು ಬೇರೆ ಬೇರೆಯಾಗಿರುವ ಪ್ರತಿಯೊಂದು ದಾಖಲೆಯನ್ನೂ ಹಳೆಯ ರಸೀದಿಯೊಂದಿಗೆ ಹೋಲಿಸಿ ನೋಡಬೇಕು. ಒಂದು ಕಂತಿಗೆ ಒಂದು ದಿನದ ಬದಲು ಒಂದೂವರೆ ದಿನ ಹಿಡಿಯುತ್ತಿರುವುದು ಇದರಿಂದಲೇ. ಇದು ಮುಗಿದುಹೋದ ನಷ್ಟವಲ್ಲ, ಉಳಿದ ಆರು ಕಂತುಗಳಲ್ಲಿಯೂ ಜೊತೆಗೇ ಬರುವ ನಿಧಾನ. ನಿಮ್ಮ ಕೆಲಸದಲ್ಲಿಯೂ ಈ ಎರಡು ಬಗೆಯ ಕಾರಣಗಳನ್ನು ಬೇರೆ ಬೇರೆಯಾಗಿ ಬರೆದು ನೋಡಿ.

ಅನಾರೋಗ್ಯದಂಥ ಸ್ವಂತ ಕಾರಣವಾಗಿದ್ದರೆ ವಿವರ ಬೇಕಿಲ್ಲ. ಎಷ್ಟು ದಿನ ಕೆಲಸಕ್ಕೆ ಸಿಗಲಿಲ್ಲ, ಇನ್ನೆಷ್ಟು ದಿನ ಸಿಗುವುದಿಲ್ಲ ಎಂದರೆ ಸಾಕು.

ಹಂತ 3: ಯೋಜನೆಯ ವೇಗ ಬಿಡಿ, ಕಂಡ ವೇಗ ಹಿಡಿಯಿರಿ

ಉಳಿದ ಆರು ಕಂತುಗಳಿಗೆ ಒಂದೂವರೆ ದಿನದಂತೆ ಒಂಬತ್ತು ದಿನ. ಪರಿಶೀಲನೆಗೆ ಎರಡು ದಿನ. ಜೂನ್ 26ರಂದು ನಿರ್ವಹಣೆಗಾಗಿ ಸರ್ವರ್ ನಿಲ್ಲಿಸುವುದರಿಂದ ಒಂದು ದಿನ ಖಾಲಿ. ಮೀಸಲು ಒಂದು ದಿನ. ಒಟ್ಟು 13 ಕೆಲಸದ ದಿನ. ಶನಿವಾರ, ಭಾನುವಾರಗಳನ್ನು ಬಿಟ್ಟು 17ರಿಂದ ಎಣಿಸಿದರೆ ಜುಲೈ 3, ಗುರುವಾರ.

ಇಷ್ಟು ದೂರದ ದಿನಾಂಕ ನೋಡಿದಾಗ ಕೈ ನಡುಗುತ್ತದೆ, ಇನ್ನು ಮುಂದೆ ಬೇಗ ಬೇಗ ಆಗುತ್ತದೆ ಎಂದು ಮನಸ್ಸು ಹೇಳುತ್ತದೆ. ಆ ಮಾತನ್ನು ನಂಬಬೇಡಿ. 1994ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ, ಪ್ರಬಂಧ ಮುಗಿಸಲು ಎಷ್ಟು ದಿನ ಬೇಕೆಂದು ವಿದ್ಯಾರ್ಥಿಗಳನ್ನು ಕೇಳಿದಾಗ ಅವರು ಸರಾಸರಿ ಸುಮಾರು 34 ದಿನ ಎಂದರು. ಆದದ್ದು 55 ದಿನಕ್ಕೂ ಹೆಚ್ಚು. ಎಲ್ಲವೂ ತೀರಾ ಕೆಟ್ಟರೆ ಎಷ್ಟು ಎಂದು ಕೇಳಿದಾಗಲೂ ಅವರು ಹೇಳಿದ್ದು ಸುಮಾರು 49 ದಿನ ಮಾತ್ರ.

ಹಂತ 4: ಹಳೆಯ ಗಡುವಿನಂದು ಏನು ಕೊಡಬಲ್ಲಿರಿ?

ಲೀಡ್ ಮುಂದಿರುವ ನಿಜವಾದ ಚಿಂತೆ ನಿಮ್ಮ ಕೆಲಸಕ್ಕಾಗಿ ಕಾಯುತ್ತಿರುವವರದು. ಇಲ್ಲಿ ಪರೀಕ್ಷಾ ತಂಡ 23ರಂದು ಕೆಲಸ ಶುರುಮಾಡಬೇಕು. 17ರಿಂದ 19ರವರೆಗೆ ಇನ್ನೆರಡು ಕಂತು ಮುಗಿಯುತ್ತವೆ. 20ರಂದು ಪರಿಶೀಲನೆಯ ಅರ್ಧವನ್ನು ಮಾಡಿಬಿಟ್ಟರೆ 12,000 ದಾಖಲೆಗಳನ್ನು ಅಂದೇ ಒಪ್ಪಿಸಬಹುದು. ಕೆಲಸದ ಒಟ್ಟು ದಿನಗಳು ಬದಲಾಗುವುದಿಲ್ಲ, ಕ್ರಮ ಮಾತ್ರ ಬದಲಾಗುತ್ತದೆ. ಪರೀಕ್ಷಾ ತಂಡ ಕೈಕಟ್ಟಿ ಕೂರುವುದು ತಪ್ಪುತ್ತದೆ.

ಹಂತ 5: ಪತ್ರ

ಈಗ ಬರೆಯುವುದು ಸುಲಭ. ದಿನಾಂಕ ವಿಷಯದ ಸಾಲಿನಲ್ಲಿಯೇ ಇರಲಿ.

> ವಿಷಯ: ಗ್ರಾಹಕರ ದಾಖಲೆ ವರ್ಗಾವಣೆ – ಗಡುವನ್ನು ಜೂನ್ 20ರಿಂದ ಜುಲೈ 3ಕ್ಕೆ ವಿಸ್ತರಿಸಲು ವಿನಂತಿ
>
> ಮೇಡಂ,
>
> ಈ ಕೆಲಸ ಜೂನ್ 20ರೊಳಗೆ ಪೂರ್ತಿಯಾಗುವುದಿಲ್ಲ. ಜುಲೈ 3ರವರೆಗೆ ಸಮಯ ಕೊಡಬೇಕೆಂದು ವಿನಂತಿಸುತ್ತೇನೆ.
>
> ಎಂಟು ಕಂತುಗಳಲ್ಲಿ ಎರಡು ಮುಗಿದಿವೆ. 9ಕ್ಕೆ ಬರಬೇಕಿದ್ದ ಕಡತ 12ರಂದು ಬಂದಿದ್ದರಿಂದ ಮೂರು ದಿನ ಹೋಗಿದೆ. ಕಡತದಲ್ಲಿ ದಿನಾಂಕಗಳು ಎರಡು ಕ್ರಮಗಳಲ್ಲಿ ಇರುವುದರಿಂದ ಪ್ರತಿ ಕಂತಿಗೂ ಒಂದೂವರೆ ದಿನ ಬೇಕಾಗುತ್ತಿದೆ. ಮಾದರಿ ಕಡತವನ್ನು ನಾನು ಮೊದಲೇ ತರಿಸಿ ನೋಡಿದ್ದರೆ ಇದು ಆಗಲೇ ತಿಳಿಯುತ್ತಿತ್ತು.
>
> ಉಳಿದ ಕಂತುಗಳಿಗೆ 9 ದಿನ, ಪರಿಶೀಲನೆಗೆ 2, ಸರ್ವರ್ ನಿಲ್ಲುವ ದಿನ 1, ಮೀಸಲು 1: ಒಟ್ಟು 13 ಕೆಲಸದ ದಿನ.
>
> ಪರಿಶೀಲಿಸಿದ 12,000 ದಾಖಲೆಗಳನ್ನು 20ರಂದೇ ಒಪ್ಪಿಸುತ್ತೇನೆ. ಪರೀಕ್ಷಾ ತಂಡ 23ರಂದು ಅದರಿಂದ ಆರಂಭಿಸಬಹುದು.
>
> ನಾಳೆ ಮಧ್ಯಾಹ್ನದೊಳಗೆ ತಮ್ಮ ತೀರ್ಮಾನ ತಿಳಿಸಿದರೆ ಆ ತಂಡಕ್ಕೆ ಹೇಳಲು ಅನುಕೂಲವಾಗುತ್ತದೆ.

ತನ್ನ ತಪ್ಪನ್ನು ಒಪ್ಪಿಕೊಂಡ ಆ ಒಂದು ವಾಕ್ಯವನ್ನು ಅಳಿಸಬೇಡಿ. ಅದಿಲ್ಲದೆ ಹೋದರೆ ಇಡೀ ಪತ್ರ ಕಡತ ಕಳುಹಿಸಿದವರ ಮೇಲಿನ ದೂರಿನಂತೆ ಕಾಣುತ್ತದೆ. ಕ್ಷಮೆಯ ಮಾತುಗಳನ್ನು ಸಾಲುಸಾಲಾಗಿ ಸೇರಿಸುವುದೂ ಬೇಡ. ಓದುವವರು ದಿನಾಂಕವನ್ನು ಹುಡುಕಬೇಕಾಗುತ್ತದೆ. 'ಸಾಧ್ಯವಾದಷ್ಟು ಬೇಗ', 'ಮುಂದಿನ ವಾರದ ಹೊತ್ತಿಗೆ' ಎಂಬ ಮಾತುಗಳು ಈ ಪತ್ರದಲ್ಲಿ ಎಲ್ಲಿಯೂ ಬರಬಾರದು.

ಹಂತ 6: ಜುಲೈ 3 ಆಗದು ಎಂದರೆ

ಆಗ ಮೀಸಲು ದಿನವನ್ನೂ ಪರಿಶೀಲನೆಯನ್ನೂ ಕತ್ತರಿಸಿ ಒಪ್ಪಿಕೊಳ್ಳಬೇಡಿ. ಕೆಲಸದಲ್ಲಿ ಯಾವ ಭಾಗವನ್ನು ಈಗ ಬಿಡಬಹುದು ಎಂದು ಕೇಳಿ. ಕೊನೆಯ ಎರಡು ಕಂತುಗಳಲ್ಲಿ ಖಾತೆ ಮುಚ್ಚಿದ ಹಳೆಯ ಗ್ರಾಹಕರೇ ಇದ್ದರೆ ಆ 6,000 ದಾಖಲೆಗಳನ್ನು ಆಮೇಲೆ ಮಾಡಬಹುದು. ಮೂರು ದಿನ ಉಳಿಯುತ್ತದೆ, ದಿನಾಂಕ ಜೂನ್ 30ಕ್ಕೆ ಬರುತ್ತದೆ. ಒಪ್ಪಿಗೆ ಬಾಯಿಮಾತಿನಲ್ಲಿ ಸಿಕ್ಕರೆ, ಒಪ್ಪಿದ ದಿನಾಂಕ ಮತ್ತು ಬಿಟ್ಟ ಭಾಗ ಎರಡನ್ನೂ ಒಂದು ಸಾಲಿನಲ್ಲಿ ಬರೆದು ಅದೇ ಇ-ಮೇಲ್‌ಗೆ ಉತ್ತರವಾಗಿ ಕಳುಹಿಸಿ, ಪರೀಕ್ಷಾ ತಂಡಕ್ಕೂ ಅದರ ಪ್ರತಿ ಹೋಗಲಿ.